ಕತ್ತರಿ ಹಿಡಿಯುವ ಮುನ್ನಿನ ಹತ್ತು ನಿಮಿಷ

'ಅನುಭವವುಳ್ಳ ಹೇರ್ ಸ್ಟೈಲಿಸ್ಟ್ ಬೇಕಾಗಿದ್ದಾರೆ' ಎಂಬ ಚೀಟಿ ಪಾರ್ಲರುಗಳ ಗಾಜಿನ ಬಾಗಿಲಿನಲ್ಲಿ ವರ್ಷವಿಡೀ ಅಂಟಿಕೊಂಡೇ ಇರುತ್ತದೆ. ಮೈಸೂರಿನ ಕುವೆಂಪುನಗರದಲ್ಲೂ ಕಾಣುತ್ತದೆ, ಹುಬ್ಬಳ್ಳಿಯ ವಿದ್ಯಾನಗರದಲ್ಲೂ ಕಾಣುತ್ತದೆ. ಬೆಂಗಳೂರಿನಲ್ಲಂತೂ ಅದನ್ನು ಅಂಟಿಸಿದ ಟೇಪೇ ಹಳದಿಯಾಗಿರುತ್ತದೆ. ಯಾರೂ ಕೆಲಸ ಕೇಳಿಕೊಂಡು ಬರುವುದಿಲ್ಲ ಅಂತಲ್ಲ. ಬರುತ್ತಾರೆ, ಸೇರುತ್ತಾರೆ, ಮೂರು ತಿಂಗಳಿಗೆ ಬಿಡುತ್ತಾರೆ. ಇಲ್ಲವೇ ನಾವೇ ಬಿಡಿಸುತ್ತೇವೆ. ಚೀಟಿ ಅಲ್ಲೇ ಉಳಿಯುತ್ತದೆ.

ಇದಕ್ಕೆ ಸಂಬಳ, ಊರು, ಮದುವೆ ಎಂದು ನೂರು ಕಾರಣ ಹೇಳಬಹುದು. ಆದರೆ ನಾವು ಜನರನ್ನು ತೆಗೆದುಕೊಳ್ಳುವ ರೀತಿಯನ್ನೇ ಒಮ್ಮೆ ನೋಡಿ. ಹುಡುಗಿ ಬರುತ್ತಾಳೆ. ಎಷ್ಟು ವರ್ಷ ಅನುಭವ, ಎಲ್ಲೆಲ್ಲಿ ಮಾಡಿದ್ದೀರಿ, ಎಷ್ಟು ಕೊಟ್ಟರೆ ಬರ್ತೀರಿ ಎಂದು ಕೇಳುತ್ತೇವೆ. ಆಕೆ ಮೊಬೈಲಿನಲ್ಲಿ ಕೆಲವು ಫೋಟೋ ತೋರಿಸುತ್ತಾಳೆ, ಫೈಲಿನಿಂದ ಒಂದು ಸರ್ಟಿಫಿಕೇಟ್ ತೆಗೆಯುತ್ತಾಳೆ. 'ಸರಿ, ನಾಳೆಯಿಂದ ಬನ್ನಿ.' ಒಂದು ಟೀ ಮುಗಿಯುವುದರೊಳಗೆ ಆಯ್ಕೆಯೂ ಮುಗಿದಿರುತ್ತದೆ. ಮಾರನೆಯ ದಿನ ಆಕೆಯ ಕತ್ತರಿ ಇಳಿಯುವುದು ದುಡ್ಡು ಕೊಟ್ಟು ಕೂತ ಗಿರಾಕಿಯ ಕೂದಲಿನ ಮೇಲೆ.

ಐದು ವರ್ಷದ ಅನುಭವ ಎಂಬ ಮಾತು ಏನನ್ನೂ ಹೇಳುವುದಿಲ್ಲ. ದೊಡ್ಡ ಸಲೂನುಗಳಲ್ಲಿ ಐದು ವರ್ಷವೂ ತಲೆ ತೊಳೆದು ಬ್ಲೋ ಡ್ರೈ ಮಾಡಿಯೇ ಕಳೆದವರಿದ್ದಾರೆ. ಎರಡೇ ವರ್ಷದಲ್ಲಿ ಸಣ್ಣ ಪಾರ್ಲರಿನಲ್ಲಿ ಎಲ್ಲವನ್ನೂ ಕೈಯಾರೆ ಕಲಿತವರೂ ಇದ್ದಾರೆ. ಸರ್ಟಿಫಿಕೇಟಿನದೂ ಅದೇ ಕಥೆ. ತರಗತಿಗೆ ಹೋಗಿ ಡಮ್ಮಿಯ ತಲೆ ಕತ್ತರಿಸಿದ್ದಾರೆ ಎಂಬುದಕ್ಕೆ ಅದು ಸಾಕ್ಷಿ. ಡಮ್ಮಿ ಕತ್ತು ತಿರುಗಿಸುವುದಿಲ್ಲ, ಅದಕ್ಕೆ ನೆತ್ತಿಯಲ್ಲಿ ಸುಳಿ ಇರುವುದಿಲ್ಲ, 'ಅಯ್ಯೋ, ಇಷ್ಟು ಗಿಡ್ಡ ಮಾಡಿಬಿಟ್ರಾ?' ಎಂದು ಕೇಳುವುದೂ ಇಲ್ಲ.

ಕೆಲಸಕ್ಕೆ ಆರಿಸುವ ವಿಧಾನಗಳಲ್ಲಿ ಯಾವುದನ್ನು ನಂಬಬಹುದು ಎಂದು ಮನಶ್ಶಾಸ್ತ್ರಜ್ಞರು ಬಹಳ ಕಾಲದಿಂದ ಅಳೆಯುತ್ತಿದ್ದಾರೆ. 1998ರಲ್ಲಿ ಅಮೆರಿಕದ ಶ್ಮಿಟ್ ಮತ್ತು ಹಂಟರ್ ಹಲವು ದಶಕಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆ ಕೆಲಸದ ಒಂದು ತುಣುಕನ್ನೇ ಮಾಡಿಸಿ ನೋಡುವ ಪರೀಕ್ಷೆ ಪಟ್ಟಿಯ ಮೇಲ್ತುದಿಯಲ್ಲಿತ್ತು. 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು ಆ ಲೆಕ್ಕವನ್ನು ಮತ್ತೆ ಮಾಡಿದರು. ಆಗ ಎಲ್ಲ ಅಭ್ಯರ್ಥಿಗಳಿಗೂ ಮೊದಲೇ ಗೊತ್ತುಮಾಡಿದ ಅದೇ ಪ್ರಶ್ನೆಗಳನ್ನು ಕೇಳುವ ಸಂದರ್ಶನ ಮೇಲೆ ಬಂತು, ಕೆಲಸ ಮಾಡಿಸಿ ನೋಡುವುದು ಸ್ವಲ್ಪ ಕೆಳಗಿಳಿಯಿತು. ಮನಸ್ಸಿಗೆ ಬಂದದ್ದನ್ನು ಕೇಳುವ ಹರಟೆಯ ಸಂದರ್ಶನ ಮಾತ್ರ ಎರಡೂ ಲೆಕ್ಕದಲ್ಲಿ ಹಿಂದೆಯೇ ಬಿದ್ದಿದೆ. ನಮ್ಮ ಪಾರ್ಲರುಗಳಲ್ಲಿ ನಡೆಯುವುದು ಆ ಮೂರನೆಯದು.

ಪ್ರಶ್ನೆಗಳಿಂದಲೇ ಶುರುಮಾಡೋಣ. 'ಲೇಯರ್ ಕಟ್ ಬರುತ್ತಾ?' ಎಂದು ಕೇಳಿದರೆ 'ಬರುತ್ತೆ ಮೇಡಂ' ಎಂಬ ಉತ್ತರವಲ್ಲದೆ ಬೇರೇನೂ ಬರುವುದಿಲ್ಲ. 'ಕಸ್ಟಮರ್ ಸಿಟ್ಟಾದರೆ ಏನು ಮಾಡ್ತೀರಿ?' ಎಂದರೆ ತಾಳ್ಮೆಯ ಮೇಲೆ ಒಂದು ಪುಟ್ಟ ಭಾಷಣ ಸಿಗುತ್ತದೆ. ಮುಂದೆ ಏನು ಮಾಡುತ್ತೀರಿ ಎಂಬುದನ್ನು ಬಿಟ್ಟು, ಹಿಂದೆ ಏನು ನಡೆಯಿತು ಎಂದು ಕೇಳಬೇಕು. 'ಬಣ್ಣ ನೀವು ಅಂದುಕೊಂಡ ಹಾಗೆ ಬರದೇ ಇದ್ದ ಒಂದು ಸಲದ ಕಥೆ ಹೇಳಿ. ಮೊದಲು ಕೂದಲು ಹೇಗಿತ್ತು, ಏನು ಹಾಕಿದಿರಿ, ಎಷ್ಟು ಹೊತ್ತು ಬಿಟ್ಟಿರಿ, ಕೊನೆಗೆ ಏನು ಮಾಡಿದಿರಿ?' ನಿಜವಾಗಿ ಬಣ್ಣ ಹಾಕಿದವರಿಗೆ ಇಂಥ ಒಂದು ದಿನ ನೆನಪಿರದೇ ಇರುವುದಿಲ್ಲ. ಬುಡದ ಒಂದಿಂಚು ಕಿತ್ತಳೆಯಾಗಿ ತುದಿ ಕಪ್ಪಾಗಿಯೇ ಉಳಿದದ್ದನ್ನು ಅವರು ಕೈಯಾಡಿಸಿ ತೋರಿಸುತ್ತಾರೆ. 'ನನಗೆ ಹಾಗೆ ಯಾವತ್ತೂ ಆಗಿಲ್ಲ' ಎನ್ನುವವರು ಬಣ್ಣವನ್ನೇ ಹೆಚ್ಚು ಹಾಕಿಲ್ಲ, ಅಥವಾ ಆದದ್ದು ಅವರ ಕಣ್ಣಿಗೆ ಬಿದ್ದಿಲ್ಲ. ಎರಡನೆಯದು ಹೆಚ್ಚು ಅಪಾಯ.

ಫೋಟೋಗಳನ್ನು ನೋಡಿ ಮೆಚ್ಚಿ ಫೋನ್ ವಾಪಸು ಕೊಡುವ ಬದಲು, ಒಂದನ್ನು ಆರಿಸಿ ಅದರ ಬಗ್ಗೆಯೇ ಕೇಳುತ್ತ ಹೋಗಿ. ಇವರು ಬಂದಾಗ ಕೂದಲಿನ ಮೇಲೆ ಹಳೆಯ ಬಣ್ಣ ಇತ್ತಾ? ಬ್ಲೀಚ್ ಮಾಡಿದಿರಾ? ಒಟ್ಟು ಎಷ್ಟು ಗಂಟೆ ಹಿಡಿಯಿತು? ಬ್ಲೋ ಡ್ರೈ ಯಾರು ಮಾಡಿದರು? ಸ್ವತಃ ಮಾಡಿದವರ ಬಳಿ ಉತ್ತರದ ಜೊತೆಗೆ ಒಂದಿಷ್ಟು ಗೊಣಗಾಟವೂ ಇರುತ್ತದೆ. 'ಅಯ್ಯೋ, ಆವತ್ತು ಮಧ್ಯಾಹ್ನ ಊಟಾನೇ ಆಗಿರಲಿಲ್ಲ' ಎಂಬ ಮಾತು ನನ್ನ ಮಟ್ಟಿಗೆ ಸರ್ಟಿಫಿಕೇಟಿಗಿಂತ ಹೆಚ್ಚು. ಬೇರೆಯವರ ಕೆಲಸದ ಪಕ್ಕ ನಿಂತು ಫೋಟೋ ತೆಗೆದುಕೊಂಡವರು ಎರಡನೆಯ ಪ್ರಶ್ನೆಗೇ ತಡವರಿಸುತ್ತಾರೆ.

ಇನ್ನೊಂದು ಪ್ರಶ್ನೆಯನ್ನು ಮಾಲೀಕರು ಆಸೆಯಿಂದ ಕೇಳುತ್ತಾರೆ: 'ಹಳೇ ಪಾರ್ಲರಿನ ಕಸ್ಟಮರ್‌ಗಳನ್ನ ಕರ್ಕೊಂಡು ಬರ್ತೀರಾ?' ಗಿರಾಕಿ ತಾನಾಗಿ ಹುಡುಕಿಕೊಂಡು ಬಂದರೆ ಬೇರೆ ಮಾತು. ಅಲ್ಲಿನ ರಿಜಿಸ್ಟರಿನಿಂದ ನಂಬರುಗಳನ್ನು ಬರೆದುಕೊಂಡು ಬರುತ್ತೇನೆ ಎಂದವರು ನಾಳೆ ನಮ್ಮ ರಿಜಿಸ್ಟರನ್ನೂ ಬರೆದುಕೊಂಡು ಹೋಗುತ್ತಾರೆ. ಅದಕ್ಕೆ ಹಲ್ಲು ಗಿಂಜಿ ಒಪ್ಪಿಕೊಂಡು, ಆಮೇಲೆ ಮೋಸ ಎಂದು ಅಳುವುದರಲ್ಲಿ ಅರ್ಥವಿಲ್ಲ.

ಮದುವೆ ಯಾವಾಗ, ಮಕ್ಕಳು ಆಗಿದೆಯಾ, ನೀವು ಯಾವ ಜನ ಎಂಬಂಥ ಪ್ರಶ್ನೆಗಳನ್ನು ಸುಮ್ಮನೆ ಬಿಟ್ಟುಬಿಡಿ. ನಿಮಗೆ ಗೊತ್ತಾಗಬೇಕಿರುವುದು ಆಕೆ ಭಾನುವಾರ ಬರಬಲ್ಲಳೇ, ರಾತ್ರಿ ಎಂಟಕ್ಕೆ ಬಾಗಿಲು ಹಾಕುವವರೆಗೆ ಇರಬಲ್ಲಳೇ ಎಂಬುದು ತಾನೇ? ಅದನ್ನೇ ನೇರವಾಗಿ, ಗಂಡು ಹೆಣ್ಣು ಎನ್ನದೆ ಬಂದವರೆಲ್ಲರಿಗೂ ಕೇಳಿದರಾಯಿತು.

ಈಗ ಟ್ರಯಲ್. ನಮ್ಮಲ್ಲಿ ಟ್ರಯಲ್ ಎಂಬ ಹೆಸರಿನಲ್ಲಿ ಒಂದು ಕೆಟ್ಟ ರೂಢಿ ಬೆಳೆದಿದೆ. 'ಒಂದು ವಾರ ಬಂದು ಮಾಡಿ, ನೋಡೋಣ' ಎನ್ನುವುದು, ವಾರವಿಡೀ ಬಿಟ್ಟಿ ದುಡಿಸಿಕೊಳ್ಳುವುದು, ಹಬ್ಬದ ರಶ್ ಮುಗಿದ ಮೇಲೆ 'ಸರಿಹೋಗಲಿಲ್ಲ' ಎಂದು ಕಳಿಸುವುದು. ಅದನ್ನು ಪರೀಕ್ಷೆ ಅನ್ನಲಾಗದು. ಕೈಕೆಲಸ ನೋಡುವುದಕ್ಕೆ ಎರಡೂವರೆ ಗಂಟೆ ಸಾಕು. ಮಂಗಳವಾರದ ಬೆಳಗಿನಂಥ ಬಿಡುವಿನ ಹೊತ್ತು ಇರಲಿ. ತಲೆ ಕೊಡುವವರು ಪರಿಚಯದವರಾಗಿದ್ದು, ಇದು ಟ್ರಯಲ್ ಎಂದು ಅವರಿಗೆ ಮೊದಲೇ ಗೊತ್ತಿರಬೇಕು, ಅವರಿಂದ ದುಡ್ಡು ತೆಗೆದುಕೊಳ್ಳಬಾರದು. ಟ್ರಯಲ್‌ಗೆ ಬಂದವರಿಗೆ ಅರ್ಧ ದಿನದ ಕೂಲಿಯನ್ನು, ತೆಗೆದುಕೊಂಡರೂ ಸರಿ ಬಿಟ್ಟರೂ ಸರಿ, ಹೋಗುವಾಗ ಕೈಗೆ ಕೊಡಬೇಕು. ಕೆಲಸ ಗೊತ್ತಿರುವ ಸ್ಟೈಲಿಸ್ಟ್ ಬಿಟ್ಟಿ ವಾರಕ್ಕೆ ಒಪ್ಪುವುದೂ ಇಲ್ಲ. ಒಪ್ಪುವವರು ಬೇರೆ ದಾರಿ ಇಲ್ಲದವರು.

ಇತ್ತೀಚಿನ ಒಂದು ಟ್ರಯಲ್ಲನ್ನೇ ವಿವರವಾಗಿ ಹೇಳುತ್ತೇನೆ. ಬಂದದ್ದು ಮಂಡ್ಯ ಕಡೆಯ ಹುಡುಗಿ, ಬೆಂಗಳೂರಿನ ಒಂದು ಸಲೂನಿನಲ್ಲಿ ಕೆಲವು ವರ್ಷ ಕೆಲಸ ಮಾಡಿದವಳು. ತಲೆ ಕೊಟ್ಟವರು ನಮ್ಮ ಬೀದಿಯ ಒಬ್ಬ ಶಾಲಾ ಟೀಚರ್. ಅರ್ಧ ಬೆನ್ನಿನವರೆಗೆ ಇಳಿದ, ಸ್ವಲ್ಪ ಅಲೆಯಿರುವ ಕೂದಲು. ಕತ್ತಿನ ಹಿಂದೆ ಎಡಗಡೆಗೆ ಒಂದು ಸುಳಿ. ತಿಂಗಳಿಗೊಮ್ಮೆ ಮೆಹಂದಿ. ಟೀಚರಿಗೆ ಒಂದು ಮಾತು ಹೇಳಿಕೊಟ್ಟಿದ್ದೆ: 'ಎರಡು ಇಂಚು ಕಡಿಮೆ ಮಾಡಿ, ಲೇಯರ್ ಬೇಕು, ಆದರೆ ಜಡೆ ಹಾಕಿದಾಗ ಕೂದಲು ಹೊರಗೆ ಬರಬಾರದು.' ಮಾಡೆಲ್ ಏನು ಕೇಳಬೇಕು ಎಂಬುದನ್ನು ಮೊದಲೇ ಬರೆದಿಟ್ಟುಕೊಂಡರೆ ಬಂದ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪರೀಕ್ಷೆಯಾಗುತ್ತದೆ.

ಆ ಮಾತಿನಲ್ಲಿ ಒಂದು ಸಿಕ್ಕು ಇದೆ. ಲೇಯರ್ ಎಂದರೆ ಮೇಲಿನ ಕೂದಲು ಗಿಡ್ಡ, ಕೆಳಗಿನದು ಉದ್ದ. ಜಡೆ ಹೆಣೆದಾಗ ಆ ಗಿಡ್ಡ ಕೂದಲಿನ ತುದಿಗಳು ನಡುದಾರಿಯಲ್ಲೇ ಮುಗಿದು ಜಡೆಯ ಹೊರಗೆ ಮುಳ್ಳಿನಂತೆ ನಿಲ್ಲುತ್ತವೆ. ಎರಡೂ ಪೂರ್ತಿಯಾಗಿ ಸಿಗುವುದಿಲ್ಲ. ಬಹಳ ಮಂದಿ ಇದನ್ನು ಕೇಳಿ 'ಆಯ್ತು ಮೇಡಂ' ಎಂದು ನೀರು ಚಿಮುಕಿಸಲು ಶುರುಮಾಡುತ್ತಾರೆ. ಟ್ರಯಲ್ ನನ್ನ ಪಾಲಿಗೆ ಅಲ್ಲೇ ಮುಕ್ಕಾಲು ಮುಗಿಯುತ್ತದೆ.

ಈ ಹುಡುಗಿ ಬಾಟಲಿಗೆ ಕೈ ಹಾಕಲಿಲ್ಲ. ಟೀಚರ ಜಡೆ ಬಿಚ್ಚಿ, ಕೂದಲನ್ನು ಒಣಗಿದ ಹಾಗೆಯೇ ಬೆರಳಿನಿಂದ ಮೇಲೆತ್ತಿ ಬಿಟ್ಟು, ಎಲ್ಲಿ ಬೀಳುತ್ತದೆ ಎಂದು ನೋಡಿದಳು. ಕತ್ತಿನ ಹಿಂದಿನ ಸುಳಿಯನ್ನು ಹೆಬ್ಬೆರಳಿನಿಂದ ಸವರಿದಳು. 'ಮೇಡಂ, ದಿನಾ ಜಡೇನೇ ಹಾಕ್ತೀರಾ, ಇಲ್ಲಾ ಕ್ಲಿಪ್ ಹಾಕಿ ಬಿಡ್ತೀರಾ?' 'ಸ್ಕೂಲಿಗೆ ಜಡೆ. ಭಾನುವಾರ ಬಿಡ್ತೀನಿ.' 'ಹೂವ ಮುಡೀತೀರಾ?' 'ಶುಕ್ರವಾರ ಮುಡಿದೇ ಮುಡೀತೀನಮ್ಮ.' 'ಹಂಗಾದ್ರೆ ಮೇಲಿಂದ ಲೇಯರ್ ಬೇಡ ಮೇಡಂ. ಹಿಂದೆ ಯು ಶೇಪ್ ಕೊಟ್ಟು, ಲೇಯರನ್ನ ಕೆಳಗಿನ ನಾಲ್ಕು ಇಂಚಲ್ಲಿ ಮಾತ್ರ ಇಡೋಣ. ಜಡೆ ತುದೀಲಿ ಒಂಚೂರು ಬಿಡಿಬಿಡಿ ಕಾಣುತ್ತೆ, ಮೇಲೆ ನೀಟಾಗಿರುತ್ತೆ. ಬಿಟ್ಟಾಗ ಅಲೆ ಚೆನ್ನಾಗಿ ಬರುತ್ತೆ.' ಆಮೇಲೆ ಬಾಚಣಿಗೆಯನ್ನು ಕೂದಲಿನ ತುದಿಗೆ ಅಡ್ಡ ಹಿಡಿದು, 'ಎರಡು ಇಂಚು ಅಂದ್ರೆ ಇಷ್ಟು. ಇಷ್ಟೇನಾ?' ಎಂದು ಕನ್ನಡಿಯಲ್ಲಿ ತೋರಿಸಿದಳು.

ಅಳತೆಯನ್ನು ಕಣ್ಣಿಗೆ ತೋರಿಸಿ ಕೇಳುವುದು ಯಾಕೆ ಮುಖ್ಯವೆಂದರೆ, ಎರಡು ಇಂಚು ಎಂದವರ ಮನಸ್ಸಿನಲ್ಲಿ ಬಹಳ ಸಲ ಒಂದೇ ಇಂಚು ಇರುತ್ತದೆ. ಅದರ ಮೇಲೆ, ಅಲೆಯಿರುವ ಕೂದಲು ಒದ್ದೆಯಾದಾಗ ಎಳೆದು ಉದ್ದವಾಗಿ, ಒಣಗಿದಾಗ ಮೇಲೆ ಕೂರುತ್ತದೆ. ಒದ್ದೆಯಲ್ಲಿ ಎರಡು ಇಂಚು ತೆಗೆದರೆ ಒಣಗಿದ ಮೇಲೆ ಮೂರು ಹೋದಂತೆ ಕಾಣಬಹುದು. ಸುಳಿಯ ಕಥೆಯೂ ಅದೇ. ಒಣ ಕೂದಲಿನಲ್ಲಿ ನೋಡದೆ ಒದ್ದೆ ಮಾಡಿಬಿಟ್ಟರೆ ಸುಳಿ ಅಡಗಿಕೊಳ್ಳುತ್ತದೆ, ಮನೆಗೆ ಹೋಗಿ ಒಣಗಿದಾಗ ಆ ಜಾಗ ಎದ್ದು ನಿಲ್ಲುತ್ತದೆ. ಹಣೆಯ ಮೇಲಿನ ಫ್ರಿಂಜ್ ಕೆಡುವುದು ಹೆಚ್ಚಾಗಿ ಹೀಗೆಯೇ.

ತಲೆ ತೊಳೆಯುವಾಗ ಆಕೆ ನೀರನ್ನು ಮೊದಲು ತನ್ನ ಮಣಿಕಟ್ಟಿನ ಮೇಲೆ ಬಿಟ್ಟುಕೊಂಡಳು, ಕತ್ತಿನ ಕೆಳಗೆ ಟವೆಲ್ ಮಡಿಸಿ ಇಟ್ಟಳು. ಕುರ್ಚಿಗೆ ಬಂದ ಮೇಲೆ ಕೂದಲನ್ನು ನಾಲ್ಕು ಭಾಗ ಮಾಡಿ ಕ್ಲಿಪ್ ಹಾಕಿದಳು. ಕತ್ತಿನ ಹತ್ತಿರದಿಂದ ಒಂದು ತೆಳ್ಳಗಿನ ಸಾಲು ಬಿಡಿಸಿ, ಅದನ್ನು ಕತ್ತರಿಸಿ ಗೈಡ್ ಮಾಡಿಕೊಂಡು, ಮುಂದಿನ ಪ್ರತಿ ಸಾಲನ್ನೂ ಅದಕ್ಕೆ ಹೊಂದಿಸುತ್ತ ಹೋದಳು. ಇಲ್ಲಿ ನಾನು ನೋಡುವುದು ಕತ್ತರಿಯನ್ನಲ್ಲ, ಕಾಲನ್ನು. ಒಳ್ಳೆಯ ಸ್ಟೈಲಿಸ್ಟ್ ತಾನು ಕತ್ತರಿಸುತ್ತಿರುವ ಭಾಗದ ಎದುರಿಗೆ ಹೋಗಿ ನಿಲ್ಲುತ್ತಾಳೆ, ಅಂದರೆ ಕುರ್ಚಿಯ ಸುತ್ತ ಸರಿಯುತ್ತಲೇ ಇರುತ್ತಾಳೆ. ಅಭ್ಯಾಸ ಸಾಲದವರು ಒಂದೇ ಕಡೆ ನಿಂತು ಕೂದಲನ್ನು ತಮ್ಮತ್ತ ಎಳೆದುಕೊಳ್ಳುತ್ತಾರೆ. ಹಾಗೆ ದೂರದಿಂದ ಎಳೆದು ಕತ್ತರಿಸಿದ ಕೂದಲು ತನ್ನ ಜಾಗಕ್ಕೆ ಮರಳಿದಾಗ ಉದ್ದ ಉಳಿಯುತ್ತದೆ, ಒಂದು ಪಕ್ಕ ಇಳಿದು ಕಾಣುತ್ತದೆ.

ಹಿಂಭಾಗ ಮುಗಿಸಿ ಆಕೆ ಎರಡೂ ಪಕ್ಕದಿಂದ ಒಂದೊಂದು ಎಳೆಯನ್ನು ಮುಂದಕ್ಕೆ ತಂದು, ಎದೆಯ ಮೇಲೆ ಜೋಡಿಸಿ ಹಿಡಿದಳು. ಬಲಗಡೆಯದು ಕಾಲು ಇಂಚಿನಷ್ಟು ಉದ್ದ ಇತ್ತು. ನಾನು ಬಾಯಿ ಬಿಡಲಿಲ್ಲ. ಟ್ರಯಲ್ ನಡೆಯುವಾಗ ಗಾಯವಾಗುವ ಸಂದರ್ಭ ಬಿಟ್ಟರೆ ಮಧ್ಯೆ ಬಾಯಿ ಹಾಕಬಾರದು, ಯಾಕೆಂದರೆ ತಪ್ಪು ಕಂಡಾಗ ಆಕೆ ಏನು ಮಾಡುತ್ತಾಳೆ ಎಂಬುದೇ ನಮಗೆ ಬೇಕಾದದ್ದು. ಕೆಲವರು ಉದ್ದ ಇರುವ ಕಡೆ ಅಷ್ಟನ್ನು ಚಕ್ಕನೆ ಕತ್ತರಿಸಿ ಮುಂದೆ ಹೋಗುತ್ತಾರೆ. ಕೆಲವರು ಬ್ಲೋ ಡ್ರೈಯಲ್ಲಿ ಒಳಕ್ಕೆ ಸುತ್ತಿ ಮುಚ್ಚುತ್ತಾರೆ. ಈಕೆ ಒಂದು ಹೆಜ್ಜೆ ಹಿಂದೆ ಸರಿದು ಕೇಪಿನ ಕೆಳಗೆ ನೋಡಿದಳು. 'ಮೇಡಂ, ಕಾಲ ಮೇಲೆ ಕಾಲು ಹಾಕಿದ್ದೀರಿ. ಇಳಿಸ್ತೀರಾ?' ಟೀಚರ್ ಕಾಲು ಇಳಿಸಿದರು, ಭುಜ ನೇರವಾಯಿತು, ವ್ಯತ್ಯಾಸ ಅರ್ಧದಷ್ಟು ಕಡಿಮೆಯಾಯಿತು. ಉಳಿದ ಅರ್ಧವನ್ನು ಮತ್ತೆ ಒದ್ದೆ ಮಾಡಿ ಸರಿಪಡಿಸಿದಳು. ಕಾಲ ಮೇಲೆ ಕಾಲು ಹಾಕಿ ಕೂತರೆ ಸೊಂಟ ವಾಲಿ ಭುಜವೂ ವಾಲುತ್ತದೆ. ಇದನ್ನು ಪುಸ್ತಕ ಓದಿಯೂ ಕಲಿಯಬಹುದು. ಆದರೆ ಕತ್ತರಿಸುತ್ತಿರುವ ಹೊತ್ತಿನಲ್ಲಿ ಅದು ನೆನಪಾಗಬೇಕಾದರೆ ಹಲವಾರು ತಲೆಗಳನ್ನು ಕತ್ತರಿಸಿರಬೇಕು.

ಬಾಚಣಿಗೆ ಒಮ್ಮೆ ಕೆಳಗೆ ಬಿತ್ತು. ಎಲ್ಲರ ಟ್ರಯಲ್ಲಿನಲ್ಲೂ ಒಮ್ಮೆಯಾದರೂ ಬೀಳುತ್ತದೆ, ಕೈ ನಡುಗುತ್ತಿರುತ್ತದಲ್ಲ. ಎತ್ತಿ ಏಪ್ರನ್ನಿಗೆ ಒರೆಸಿಕೊಂಡು ಮುಂದುವರಿಸುತ್ತಾರೋ, ಅದನ್ನು ಬದಿಗಿಟ್ಟು ಬೇರೆಯದನ್ನು ತೆಗೆಯುತ್ತಾರೋ ನೋಡಿ. ಬ್ಲೇಡ್ ಬಳಸುವ ಕೆಲಸವಾದರೆ ಹೊಸದನ್ನು ಗಿರಾಕಿಯ ಎದುರಿಗೇ ಬಿಚ್ಚುತ್ತಾರೋ ನೋಡಿ. ಸ್ವಚ್ಛತೆಯ ಬಗ್ಗೆ ಸಂದರ್ಶನದಲ್ಲಿ ಕೇಳುವುದು ದಂಡ, ಎಲ್ಲರೂ ಸರಿಯುತ್ತರವನ್ನೇ ಹೇಳುತ್ತಾರೆ.

ಬಣ್ಣದ ಟ್ರಯಲ್ಲನ್ನು ನಾನು ತಲೆಯ ಮೇಲೆ ಮಾಡಿಸುವುದಿಲ್ಲ. ಕೂದಲ ಬಣ್ಣಗಳಲ್ಲಿ ಸಾಮಾನ್ಯವಾಗಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ತೀವ್ರ ಅಲರ್ಜಿ ತರುತ್ತದೆ. ಆದ್ದರಿಂದ 48 ಗಂಟೆ ಮೊದಲು ಕಿವಿಯ ಹಿಂದೆಯೋ ಮೊಣಕೈ ಒಳಗೋ ಸ್ವಲ್ಪ ಹಚ್ಚಿ ನೋಡಬೇಕು, ಟ್ರಯಲ್ ದಿನ ಅದಕ್ಕೆ ಸಮಯವಿರುವುದಿಲ್ಲ. ಬದಲಿಗೆ ಮೇಜಿನ ಮೇಲೆ ಒಂದು ಟ್ಯೂಬು, ಡೆವಲಪರ್ ಬಾಟಲಿಗಳು, ಬೌಲು, ತಕ್ಕಡಿ ಇಟ್ಟು ಹೇಳುತ್ತೇನೆ: 'ಇದೇ ಟೀಚರಿಗೆ ಬುಡದಲ್ಲಿ ಅರ್ಧದಷ್ಟು ಬಿಳಿ ಇದೆ. ಗಾಢ ಕಂದು ಬೇಕು. ರೂಟ್ ಟಚ್ ಅಪ್‌ಗೆ ಕಲೆಸಿ ತೋರಿಸಿ, ಆಮೇಲೆ ಕತ್ತರಿಸಿ ಬಿದ್ದ ಒಂದು ಎಳೆಯ ಮೇಲೆ ಹಚ್ಚಿ.'

ಇಲ್ಲಿ ನಿರೀಕ್ಷಿಸುವುದು ಮೂರು ಮಾತು. ಮೊದಲನೆಯದು ಮೆಹಂದಿಯದು. ಹುಡುಗಿ ತಕ್ಷಣ ಕೇಳಿದಳು: 'ಮನೇಲಿ ಅರೆದಿದ್ದಾ, ಪ್ಯಾಕೆಟ್ಟಿನ ಕರಿ ಮೆಹಂದೀನಾ?' ಕಿವಿಗೆ ಹಿತವಾದ ಪ್ರಶ್ನೆ. ಪ್ಯಾಕೆಟ್ಟಿನ ಕೆಲವು ಕರಿ ಮೆಹಂದಿಗಳಲ್ಲಿ ಪಿಪಿಡಿ ಇರುತ್ತದೆ, ಕೆಲವದರಲ್ಲಿ ಲೋಹದ ಲವಣಗಳಿರುತ್ತವೆ. ಆ ಲವಣದ ಮೇಲೆ ಪೆರಾಕ್ಸೈಡ್ ಬಿದ್ದರೆ ಕೂದಲು ಬಿಸಿಯಾಗಿ ತುಂಡಾಗಬಹುದು. ಹಾಗಾಗಿ ಒಂದು ಎಳೆಯ ಮೇಲೆ ಮೊದಲು ಹಚ್ಚಿ ನೋಡುವುದೇ ಸರಿ. ಎರಡನೆಯದು ಡೆವಲಪರ್. 20 ವಾಲ್ಯೂಮ್, ಅಂದರೆ 6 ಶೇಕಡಾ ಪೆರಾಕ್ಸೈಡ್ ಇರುವುದನ್ನು ತೆಗೆದುಕೊಂಡಳು, ಬಿಳಿ ಮುಚ್ಚುವುದಕ್ಕೆ ಅದೇ ವಾಡಿಕೆ. 'ಬೇಗ ಹಿಡಿಯುತ್ತೆ' ಎಂದು 40 ವಾಲ್ಯೂಮಿನ ಬಾಟಲಿಗೆ ಕೈ ಹಾಕಿದವರನ್ನು ನಾನು ಬಣ್ಣದ ಹತ್ತಿರ ಬಿಡುವುದಿಲ್ಲ. ಅದು 12 ಶೇಕಡಾ. ನೆತ್ತಿಯ ಚರ್ಮಕ್ಕೆ ತಾಗಿಸುವ ವಸ್ತುವಲ್ಲ.

ಮೂರನೆಯದರಲ್ಲಿ ಹುಡುಗಿ ಎಡವಿದಳು. 30 ಗ್ರಾಂ ಬಣ್ಣಕ್ಕೆ 30 ಮಿಲಿ ಡೆವಲಪರ್ ಸುರಿದಳು. ನಾನಿಟ್ಟ ಟ್ಯೂಬಿನ ಡಬ್ಬಿಯ ಮೇಲೆ ಒಂದಕ್ಕೆ ಒಂದೂವರೆ ಎಂದು ಬರೆದಿತ್ತು, ಅಂದರೆ 45 ಮಿಲಿ ಬೇಕಿತ್ತು. ಹಳೆಯ ಸಲೂನಿನಲ್ಲಿ ಬಳಸುತ್ತಿದ್ದ ಕಂಪನಿಯ ಬಣ್ಣಕ್ಕೆ ಒಂದಕ್ಕೊಂದು ಸರಿಯಿತ್ತಂತೆ. ಕೈ ಅಭ್ಯಾಸದಂತೆ ಓಡಿತು, ಕಣ್ಣು ಡಬ್ಬಿಯನ್ನು ಓದಲಿಲ್ಲ. ಅನುಭವಸ್ಥರಲ್ಲೇ ಇದು ಹೆಚ್ಚು.

ಇನ್ನು ವೇಗ. ಆ ಕಟ್ ಮುಗಿಯಲು ಒಂದು ಗಂಟೆ ದಾಟಿತು, ನಾವು ಮುಕ್ಕಾಲು ಗಂಟೆ ಎಂದು ಅಪಾಯಿಂಟ್‌ಮೆಂಟ್ ಕೊಡುತ್ತೇವೆ. ಪರೀಕ್ಷೆಯ ದಿನದ ನಿಧಾನವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸರಿಯಾಗಿ ಕತ್ತರಿಸುವವರಿಗೆ ವೇಗ ತಾನಾಗಿ ಬರುತ್ತದೆ, ವೇಗವಾಗಿ ತಪ್ಪು ಕತ್ತರಿಸುವವರನ್ನು ನಿಧಾನಗೊಳಿಸುವುದು ಮಾತ್ರ ಬಲು ಕಷ್ಟ. ನೆಲ ಗುಡಿಸುವಾಗ ಕನ್ನಡಿಯ ಮುಂದಿನ ಕಟ್ಟೆಯನ್ನೂ ಒರೆಸಿದಳು ಎಂಬುದನ್ನು ಬರೆದಿಟ್ಟುಕೊಂಡೆ.

ಅವತ್ತೇ ಹೂಂ ಅನ್ನಲಿಲ್ಲ. ಬ್ಲೋ ಡ್ರೈ ಮಾಡಿದ ಕೂದಲು ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ರೌಂಡ್ ಬ್ರಷ್ಷಿನಿಂದ ಸುತ್ತಿ ಒಣಗಿಸಿದರೆ ಎಂಥ ಏರುಪೇರೂ ಎರಡು ದಿನ ಮುಚ್ಚಿಕೊಳ್ಳುತ್ತದೆ. ಟೀಚರ್ ಮನೆಯಲ್ಲಿ ತಲೆಗೆ ಸ್ನಾನ ಮಾಡಿ, ಫ್ಯಾನಿನ ಗಾಳಿಗೆ ಒಣಗಿಸಿ, ಜಡೆ ಹಾಕಿಕೊಂಡು ಶಾಲೆಗೆ ಹೋಗಿ ಬರುವವರೆಗೆ ಕಾದೆ. 'ಜಡೆ ನೀಟಾಗಿದೆ, ಸುಳಿ ಹತ್ರ ಎದ್ದಿಲ್ಲ' ಎಂದರು. ಹಳೆಯ ಸಲೂನಿಗೆ, ಹುಡುಗಿಯ ಒಪ್ಪಿಗೆ ಪಡೆದೇ, ಫೋನ್ ಮಾಡಿದೆ. ಟ್ರಯಲ್ ಹೇಳಲಾರದ ಸಂಗತಿಯೊಂದಿದೆ: ಮದುವೆ ಸೀಸನ್ನಿನ ಶನಿವಾರ ಸಂಜೆ, ಆರು ಜನ ಕಾಯುತ್ತಿರುವಾಗ ಆಕೆ ಹೇಗಿರುತ್ತಾಳೆ ಎಂಬುದು. ಅದನ್ನು ಕಂಡವರು ಮಾತ್ರ ಹೇಳಬಲ್ಲರು. ಅವರನ್ನು 'ಹೇಗೆ ಹುಡುಗಿ?' ಎಂದು ಕೇಳಬೇಡಿ, ಒಳ್ಳೆಯವಳೇ ಅಂತಾರೆ. 'ಮತ್ತೆ ಬಂದರೆ ತಗೊಳ್ತೀರಾ?' ಎಂದು ಕೇಳಿ, ಉತ್ತರಕ್ಕೆ ಮೊದಲು ಎಷ್ಟು ಹೊತ್ತು ಸುಮ್ಮನಿರುತ್ತಾರೆ ಗಮನಿಸಿ. ಕೊನೆಗೆ ಆಕೆಯನ್ನು ತೆಗೆದುಕೊಂಡೆವು. ಕಟಿಂಗಿಗೆ ಮೊದಲ ದಿನದಿಂದಲೇ, ಬಣ್ಣಕ್ಕೆ ಎರಡು ತಿಂಗಳು ಹಿರಿಯರ ಪಕ್ಕದಲ್ಲಿ ನಿಂತ ಮೇಲೆ ಎಂಬ ಷರತ್ತನ್ನು ಕಾಗದದಲ್ಲೇ ಬರೆದುಕೊಟ್ಟೆವು.

ರಿಸೆಪ್ಷನ್ನಿಗೆ ತೆಗೆದುಕೊಳ್ಳುವಾಗ ಇಷ್ಟೂ ಎಚ್ಚರ ಯಾಕೋ ಮಾಯವಾಗುತ್ತದೆ. ನಗುಮುಖ, ಒಂದಿಷ್ಟು ಇಂಗ್ಲಿಷ್, ಸಾಕು. ಆದರೆ ಸ್ಟೈಲಿಸ್ಟುಗಳ ದಿನವನ್ನು ಜೋಡಿಸುವವರು ಅವರೇ. ಒಂದು ತಪ್ಪು ಅಪಾಯಿಂಟ್‌ಮೆಂಟ್ ಸಂಜೆಯವರೆಗಿನ ಎಲ್ಲರನ್ನೂ ಕಾಯಿಸುತ್ತದೆ.

ಅವರಿಗೆ ಕೊಡುವ ಪರೀಕ್ಷೆ ಒಂದು ಹಾಳೆಯಷ್ಟು ಸಣ್ಣದು. ಶನಿವಾರದ ಪುಟ ಅದರಲ್ಲಿದೆ. ಮೂರು ಗಂಟೆಗೆ ಒಬ್ಬ ಸ್ಟೈಲಿಸ್ಟಿಗೆ ರೂಟ್ ಟಚ್ ಅಪ್ ಇದೆ: ಹಚ್ಚಲು ಅರ್ಧ ಗಂಟೆ, ಬಣ್ಣ ಹಿಡಿಯಲು 35 ನಿಮಿಷ, ತೊಳೆದು ಒಣಗಿಸಲು 25. ಅಂದರೆ ನಾಲ್ಕೂವರೆವರೆಗೆ ಆಕೆ ಬ್ಯುಸಿ ಎಂದು ಬರೆದಿದೆ. ಇನ್ನೊಬ್ಬ ಸ್ಟೈಲಿಸ್ಟ್ ಐದರವರೆಗೆ ಭರ್ತಿ. ನಾನು ಒಳಗಿನ ಕೋಣೆಯಿಂದ ಫೋನ್ ಮಾಡುತ್ತೇನೆ. 'ಮೂರೂವರೆಗೆ ಐಬ್ರೋ ಮಾಡಿಸ್ಬೇಕಿತ್ತು.' ಬರೀ ಪುಟ ನೋಡುವವರು 'ಖಾಲಿ ಇಲ್ಲ' ಅಂತಾರೆ. ಕೆಲಸ ಅರ್ಥವಾದವರು ಹಾಳೆಯ ಮೇಲೆ ಬೆರಳಿಟ್ಟು, ಬಣ್ಣ ಹಿಡಿಯುವ ಹೊತ್ತಿನಲ್ಲಿ ಆ ಸ್ಟೈಲಿಸ್ಟಿನ ಕೈ ಖಾಲಿ ಎಂದು ಕಂಡುಕೊಂಡು, ಮೂರೂ ಮೂವತ್ತೈದಕ್ಕೆ ಬನ್ನಿ ಅಂತಾರೆ. ಐಬ್ರೋಗೆ ಕಾಲು ಗಂಟೆ ಸಾಕು. ಮತ್ತೆ ಫೋನ್ ಮಾಡಿ ಅದೇ ಹೊತ್ತಿಗೆ ಹೇರ್ ಕಟ್ ಕೇಳುತ್ತೇನೆ. ಮುಕ್ಕಾಲು ಗಂಟೆಯ ಕಟ್ಟನ್ನು 35 ನಿಮಿಷದ ಸಂದಿಗೆ ತುರುಕಿದರೆ ಅಲ್ಲಿ ಬಣ್ಣ ಹಚ್ಚಿಕೊಂಡು ಕೂತವರ ತಲೆ ತೊಳೆಯುವವರಿರುವುದಿಲ್ಲ. ಇದಕ್ಕೆ ಆಗಲ್ಲ ಎಂದೇ ಹೇಳಬೇಕು, ಬೇರೆ ಸಮಯ ತೋರಿಸಬೇಕು, ಹೆಸರು ಮತ್ತು ನಂಬರನ್ನು ತಿರುಗಿ ಓದಿ ಹೇಳಬೇಕು.

ಹಣದ ಲೆಕ್ಕವೂ ಚಿಕ್ಕದೇ. ಬೆಳಗ್ಗೆ ಡ್ರಾಯರಿನಲ್ಲಿ 2,000 ರೂಪಾಯಿ ಚಿಲ್ಲರೆ ಇತ್ತು. ನಗದು ಬಿಲ್ಲುಗಳು 450, 1,200, 150. ಯುಪಿಐಯಲ್ಲಿ ಬಂದದ್ದು 2,800. ಟೀ ಹಾಲಿಗೆ ಡ್ರಾಯರಿನಿಂದ 120 ಕೊಟ್ಟಿದೆ. ರಾತ್ರಿ ಡ್ರಾಯರಿನಲ್ಲಿ ಎಷ್ಟಿರಬೇಕು? 3,680. ಯುಪಿಐ ಹಣವನ್ನೂ ಕೂಡಿಸಿ 6,480 ಎಂದವರು ನಿಜವಾದ ದಿನದಲ್ಲೂ ಹಾಗೇ ಕೂಡಿಸುತ್ತಾರೆ. ಜೊತೆಗೆ ಒಂದು ಮಾತು ಕೇಳಿ: ಗಿರಾಕಿ ತನ್ನ ಮೊಬೈಲಿನ ಸ್ಕ್ರೀನ್ ತೋರಿಸಿ 'ಹೋಗಿದೆ ನೋಡಿ' ಎಂದರೆ ಏನು ಮಾಡುತ್ತೀರಿ? ನಮ್ಮ ಕಡೆ ಬಂದಿದೆಯೇ ಎಂದು ನಮ್ಮ ಫೋನಿನಲ್ಲೋ ಕೌಂಟರಿನ ಸೌಂಡ್ ಬಾಕ್ಸಿನಲ್ಲೋ ಖಚಿತ ಮಾಡಿಕೊಳ್ಳುತ್ತೇನೆ ಎನ್ನುವುದೊಂದೇ ಉತ್ತರ.

ಕೊನೆಯ ಫೋನ್ ಕರೆಯನ್ನು ಗಂಡಸೊಬ್ಬರಿಂದ ಮಾಡಿಸುತ್ತೇನೆ. ಅಧಿಕಾರದ ದನಿ. 'ನನ್ನ ಹೆಂಡತಿ ಅಲ್ಲಿ ಬಂದಿದ್ದಾಳಲ್ಲ? ಎಷ್ಟು ಹೊತ್ತಿಗೆ ಬಂದಳು, ಇನ್ನೂ ಇದ್ದಾಳಾ?' ಎಂದು ಒಂದು ಹೆಸರು ಹೇಳುತ್ತಾರೆ. ಆ ಹೆಸರು ಎದುರಿನ ಹಾಳೆಯಲ್ಲೇ ಬರೆದಿರುತ್ತದೆ. ಬಹುಪಾಲು ಮಂದಿ ಮರ್ಯಾದೆಯಿಂದ, ನಗುತ್ತಲೇ, 'ಹೌದು ಸರ್, ಎರಡೂವರೆಗೆ ಬಂದ್ರು, ಈಗಷ್ಟೇ ಹೋದ್ರು' ಎಂದು ಎಲ್ಲವನ್ನೂ ಒಪ್ಪಿಸಿಬಿಡುತ್ತಾರೆ. ಅದರಿಂದ ಆ ಹೆಂಗಸಿಗೆ ಮನೆಯಲ್ಲಿ ಏನಾಗಬಹುದು ಎಂಬುದು ಕೌಂಟರಿನ ಹಿಂದೆ ಕೂತವರಿಗೆ ಗೊತ್ತಿರುವುದಿಲ್ಲ. ಫೋನಿನಲ್ಲಿರುವುದು ಗಂಡನೇ ಎಂಬುದೂ ಗೊತ್ತಿರುವುದಿಲ್ಲ. ಒಬ್ಬಾಕೆ ಮಾತ್ರ ಒಂದು ಕ್ಷಣ ತಡೆದು ಹೇಳಿದಳು: 'ಸರ್, ಯಾರು ಬಂದಿದ್ದಾರೆ ಅಂತ ನಾವು ಫೋನಲ್ಲಿ ಹೇಳಲ್ಲ. ನಿಮ್ಮ ಹೆಸರು ಹೇಳಿ, ಅವರು ಇಲ್ಲಿದ್ರೆ ನಿಮಗೆ ಫೋನ್ ಮಾಡೋಕೆ ಹೇಳ್ತೀನಿ.' ಆ ಕಡೆಯಿಂದ ದನಿ ಏರಿತು. ಆಕೆ ಅದೇ ಮಾತನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಹೇಳಿದಳು. ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ, ಡ್ರಾಯರಿನ ಲೆಕ್ಕವನ್ನು ಎರಡನೇ ಸಲಕ್ಕೆ ಸರಿಮಾಡಿದಳು. ಮುಂದಿನ ಸೋಮವಾರದಿಂದ ಬರಲು ಹೇಳಿದೆವು.